26ನೇ ದಿನದಿಂದ ದಂಡವಿಲ್ಲ

ಸಕಾಲ ಕಾಯ್ದೆಯಲ್ಲಿ ತಡಮಾಡಿದ್ದಕ್ಕೆ ಅರ್ಜಿದಾರನಿಗೆ ಸಿಗುವ ಪರಿಹಾರ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500. ಅಂದರೆ 25 ದಿನಕ್ಕೆ ಲೆಕ್ಕ ಮುಗಿಯಿತು. 26ನೇ ದಿನದಿಂದ ಕಡತ ಆರು ತಿಂಗಳು ಮೂಲೆಯಲ್ಲಿ ಬಿದ್ದಿದ್ದರೂ ಅಧಿಕಾರಿಯ ಸಂಬಳದಿಂದ ಒಂದು ಪೈಸೆಯೂ ಹೆಚ್ಚಿಗೆ ಕಡಿತವಾಗದು. ಆ 500 ಕೂಡ ತಾನಾಗಿ ಬರುವುದಿಲ್ಲ, ಕೇಳಿದರೆ ಮಾತ್ರ ಉಂಟು.

ಅಫಜಲಪುರದ ಒಬ್ಬ ತಾಯಿ ಮಗನ ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದಳು ಎಂದಿಟ್ಟುಕೊಳ್ಳಿ. ಗಡುವು 21 ದಿನ. ಗ್ರಾಮ ಆಡಳಿತ ಅಧಿಕಾರಿಯ ವರದಿ ಬರಬೇಕು, ಕಂದಾಯ ನಿರೀಕ್ಷಕರು ನೋಡಬೇಕು, ಆಮೇಲೆ ತಹಶೀಲ್ದಾರರ ಸಹಿ. ಗಡುವು ದಾಟಿದರೆ 30 ದಿನದೊಳಗೆ ಅವಳು ಮೇಲ್ಮನವಿ ಹಾಕಬಹುದು. ಅದು ಹೋಗುವುದು ಕಲಬುರಗಿಯ ಸಹಾಯಕ ಆಯುಕ್ತರಿಗೆ. ಆಳಂದ, ಜೇವರ್ಗಿಯವರದೂ ಅದೇ ದಾರಿ, ಮೂರೂ ತಾಲ್ಲೂಕು ಕಲಬುರಗಿ ಉಪವಿಭಾಗಕ್ಕೇ ಸೇರಿದವು. ವಿಚಾರಣೆಗೆ ಕರೆದರೆ ಒಂದು ದಿನದ ಕೂಲಿ, ಬಸ್ ಚಾರ್ಜು, ಊಟ. ಹತ್ತು ದಿನ ತಡವಾಗಿದ್ದರೆ ಕೈಗೆ ಬರುವುದು 200 ರೂಪಾಯಿ. ಯಾರು ಹೋದಾರು?

ಹಾಗೆಂದು ಕಚೇರಿಯವರು ಗಡುವಿಗೆ ಹೆದರುವುದೇ ಇಲ್ಲ ಎಂದೇನಲ್ಲ. ತಡವಾದ ಅರ್ಜಿಗಳ ಪಟ್ಟಿ ಮೇಲಿನವರ ಕಂಪ್ಯೂಟರಿನಲ್ಲಿ ಕಾಣುತ್ತದೆ, ಮೀಟಿಂಗಿನಲ್ಲಿ ಬೈಸಿಕೊಳ್ಳಬೇಕಾಗುತ್ತದೆ. ಆ ಹೆದರಿಕೆಯಿಂದ ತಪ್ಪಿಸಿಕೊಳ್ಳಲು ಎರಡು ಒಳದಾರಿಗಳಿವೆ. ಒಂದು, ಅರ್ಜಿಯನ್ನು ಕಂಪ್ಯೂಟರಿಗೆ ಏರಿಸದೆ ‘ಕಾಗದ ಇಟ್ಟು ಹೋಗವ್ವಾ, ನೋಡೂಣು’ ಎನ್ನುವುದು. ಜಿಎಸ್‌ಸಿ ಸಂಖ್ಯೆ ಇರುವ ಸ್ವೀಕೃತಿ ಚೀಟಿ ಕೈಗೆ ಬಾರದಿದ್ದರೆ ಆ 21 ದಿನ ಶುರುವೇ ಆಗಿಲ್ಲ ಎಂದರ್ಥ. ಇನ್ನೊಂದು, 20ನೇ ದಿನ ‘ದಾಖಲೆ ಸಾಲದು’ ಎಂದು ತಿರಸ್ಕರಿಸುವುದು. ಲೆಕ್ಕದಲ್ಲಿ ಅರ್ಜಿ ವೇಳೆಗೆ ವಿಲೇವಾರಿಯಾಯಿತು, ತಡ ಎಂಬುದೇ ಇಲ್ಲ. ಯಾವ ದಾಖಲೆ ಎಂದು ಬರಹದಲ್ಲಿ ಕೇಳಬೇಕು. ತಿರಸ್ಕಾರದ ವಿರುದ್ಧವೂ ಅದೇ 30 ದಿನದಲ್ಲಿ ಮೇಲ್ಮನವಿ ಉಂಟು. ಇದು ಬಹಳ ಮಂದಿಗೆ ಗೊತ್ತಿಲ್ಲ, ಕೌಂಟರಿನವರು ಹೇಳುವುದೂ ಇಲ್ಲ.

ನನ್ನ ತಕರಾರು ದಂಡದ ಮೊತ್ತಕ್ಕಿಂತ ಮೇಲ್ಮನವಿಯ ಏಣಿಯ ಬಗ್ಗೆ. ಸಹಾಯಕ ಆಯುಕ್ತರಿಗೆ ಚುನಾವಣೆಯಿಂದ ಬೆಳೆಹಾನಿಯವರೆಗೆ ದಿನಾ ಕೆಲಸ ಮಾಡಿಕೊಡುವವರು ಇದೇ ತಹಶೀಲ್ದಾರರು. ಅವರ ಮೇಲೆಯೇ ದಂಡ ಹಾಕಲು ಕೈ ಏಳುವುದು ಸುಲಭವಲ್ಲ. ಎರಡನೇ ಮೇಲ್ಮನವಿ ಹೋಗುವ ಜಿಲ್ಲಾಧಿಕಾರಿಯೂ ಅದೇ ಇಲಾಖೆಯ ಮನೆಯವರೇ. ಆಳಂದದ ಗಡಿ ದಾಟಿ ಅಕ್ಕಲಕೋಟೆಗೆ ಹೋದರೆ, ಮಹಾರಾಷ್ಟ್ರದ 2015ರ ಕಾಯ್ದೆ ಎರಡು ಮೇಲ್ಮನವಿಗಳ ಮೇಲೆ ಸೇವಾ ಹಕ್ಕು ಆಯೋಗವೊಂದನ್ನು ಇಟ್ಟಿದೆ, ದಂಡ 500ರಿಂದ 5,000 ರೂಪಾಯಿ. ಅಂದರೆ ನಮ್ಮ ಗರಿಷ್ಠವೇ ಅಲ್ಲಿನ ಕನಿಷ್ಠ.

ಆಯೋಗ ಬರುವಾಗ ಬರಲಿ. ಅಷ್ಟರೊಳಗೆ ಗಡುವು ದಾಟಿದ ಅರ್ಜಿಯನ್ನು ಕಂಪ್ಯೂಟರೇ ಮೇಲ್ಮನವಿಯಾಗಿ ದಾಖಲಿಸಿಕೊಳ್ಳಲಿ, ಸಹಾಯಕ ಆಯುಕ್ತರು ತಿಂಗಳಿಗೊಮ್ಮೆ ಅಫಜಲಪುರ, ಆಳಂದ, ಜೇವರ್ಗಿಗಳಲ್ಲೇ ಕೂತು ವಿಚಾರಣೆ ನಡೆಸಲಿ. ಜೀಪು ಅವರಿಗಿದೆ, ಅರ್ಜಿದಾರರಿಗಿಲ್ಲ.