ಒಂದು ಚುಕ್ಕೆಯ ಭಾರ

ಹೃದ್ರೋಗವುಳ್ಳ ಶಿಶುಗಳಿಗೆ ಕೊಡುವ ಡಿಗಾಕ್ಸಿನ್ ಔಷಧದಲ್ಲಿ ಗುಣಕ್ಕೂ ವಿಷಕ್ಕೂ ಅಂತರವು ಅತ್ಯಲ್ಪ. ಕಳಸದ ಕಡೆಯ 6 ಕಿಲೋ ತೂಕದ ಮಗುವಿಗೆ ದೂರದ ಆಸ್ಪತ್ರೆಯ ವೈದ್ಯರು, ಕಿಲೋ ಒಂದಕ್ಕೆ 5 ಮೈಕ್ರೋಗ್ರಾಂನಂತೆ, ಹೊತ್ತಿಗೆ 30 ಮೈಕ್ರೋಗ್ರಾಂ ಗೊತ್ತುಮಾಡಿದರೆಂದು ಭಾವಿಸೋಣ. ಸೀಸೆಯ ಮೇಲಾದರೋ ಮಿಲಿಲೀಟರಿಗೆ 0.05 ಮಿಲಿಗ್ರಾಂ ಎಂದಿರುತ್ತದೆ. ಸಾವಿರ ಮೈಕ್ರೋಗ್ರಾಂ ಸೇರಿ ಒಂದು ಮಿಲಿಗ್ರಾಂ ಆಗುವುದರಿಂದ ಅದು 50 ಮೈಕ್ರೋಗ್ರಾಂ, ಕೊಡತಕ್ಕದ್ದು 0.6 ಮಿಲಿಲೀಟರು. ಚೀಟಿಯಲ್ಲಿ ಸೊನ್ನೆಯಿಲ್ಲದೆ ‘.6’ ಎಂದು ಬರೆದು, ಮಲೆನಾಡಿನ ಮಳೆಯ ತೇವಕ್ಕೆ ಆ ಚುಕ್ಕೆಯು ಅಳಿಸಿದರೆ ಮಗುವಿನ ಹೊಟ್ಟೆಗೆ ಬೀಳುವುದು 6 ಮಿಲಿಲೀಟರು, ಅಂದರೆ ಹತ್ತು ಪಾಲು. ವಾಂತಿ, ಹಾಲೊಲ್ಲದಿರುವುದು, ನಾಡಿಯ ನಿಧಾನ ಇವು ಅದರ ಕುರುಹುಗಳು. ಕಂಡೊಡನೆ ಮುಂದಿನ ಹೊತ್ತಿನ ಔಷಧವನ್ನು ಕೊಡದೆ ಆಸ್ಪತ್ರೆಗೆ ಒಯ್ಯಬೇಕು.

ವೈದ್ಯರು ಚುಕ್ಕೆಯ ಮುಂದೆ ಸೊನ್ನೆಯಿಡಲಿ. ‘ಮೈಕ್ರೋಗ್ರಾಂ’ ಎಂಬುದನ್ನು ಪೂರ್ತಿಯಾಗಿ ಬರೆದು ಮಗುವಿನ ತೂಕವನ್ನೂ ಕಾಣಿಸಲಿ. ತೂಕವಿದ್ದರೆ ಮೂಡಿಗೆರೆಯ ಔಷಧದಂಗಡಿಯವರೂ ಲೆಕ್ಕವನ್ನು ಮೊದಲಿನಿಂದ ಮಾಡಬಲ್ಲರು. ಮೊದಲಿನವರ ಉತ್ತರವನ್ನು ನೋಡದೆ ಎರಡನೆಯವರು ತಾವೇ ಲೆಕ್ಕಹಾಕಿ, ಆಮೇಲೆ ತಾಳೆನೋಡಬೇಕು. ತಾಳೆಯಾಗದಿದ್ದರೆ ವೈದ್ಯರನ್ನು ಕೇಳಿದ ಹೊರತು ಸೀಸೆಯನ್ನು ಕೊಡಕೂಡದು. ಕೊಡುವಾಗ ಅಳತೆಯ ಪಿಚಕಾರಿಯಲ್ಲಿ 0.6ರ ಗೆರೆಯನ್ನು ಗುರುತುಮಾಡಿ ತಾಯಿಗೆ ತೋರಿಸತಕ್ಕದ್ದು. ಬರೆದುದನ್ನು ಓದಿ ಸಹಿಹಾಕುವುದಷ್ಟೇ ಪರಿಶೀಲನೆಯಲ್ಲವೆಂದು ನಮ್ಮ ಅಭಿಪ್ರಾಯವು.