ಇದ್ದದ್ದು ಇದ್ದ ಹಾಗೆ

ನೋಡಿ ಬರೆಯುವುದಕ್ಕೂ ಬುದ್ಧಿ ಬೇಕೇ ಎಂದು ಕೇಳುವವರಿದ್ದಾರೆ. ಖಂಡಿತ ಬೇಕು. ಯಾರೋ ಹಾಕಿದ ಪೋಸ್ಟಿನ ಸ್ಕ್ರೀನ್‌ಶಾಟ್ ಮುಂದಿಟ್ಟುಕೊಂಡು ದೂರಿನ ಅರ್ಜಿಗೋ ಸಂಘದ ವರದಿಗೋ ಬರೆದುಕೊಳ್ಳುವಾಗ ನಮ್ಮವರು ಮೊದಲು ಅದನ್ನು 'ಚೊಕ್ಕ' ಮಾಡುತ್ತಾರೆ. ಚಿಹ್ನೆಗಳೇಕೆ, ವಿಷಯ ತಿಳಿದರೆ ಸಾಲದೇ ಎನ್ನುತ್ತಾರೆ. ಸಾಲದು ಎಂಬುದೇ ನನ್ನ ವಾದ.

ನಾನೇ ಕಟ್ಟಿದ ಈ ಮಾದರಿಯನ್ನು ನೋಡಿ:

```
@madari__hesaru
ನಿನ್ನೆ ಯಾಕೆ ಬಾಯಿ ಬಿಡಲಿಲ್ಲ?

#ಮಹಿಳಾಸಂಘ
example.com/sabhe/vara…
```

ಚೊಕ್ಕ ಮಾಡಿದವರು ಇದನ್ನು 'ಮಹಿಳಾ ಸಂಘದವರು ನಿನ್ನೆ ಯಾಕೆ ಬಾಯಿ ಬಿಡಲಿಲ್ಲ' ಎಂದು ಬರೆದಾರು. ಒಬ್ಬ ಹೆಣ್ಣುಮಗಳನ್ನು ಹೆಸರಿಟ್ಟು ಕೆಣಕಿದ್ದು ಇಡೀ ಸಂಘಕ್ಕೆ ಕೇಳಿದ ಪ್ರಶ್ನೆಯಾಗಿ ಹೋಯಿತು! @ ಎಂದರೆ ಆಕೆಯ ಮನೆಯ ಬಾಗಿಲನ್ನೇ ಬಡಿದಂತೆ. ಸಾಮಾನ್ಯವಾಗಿ ಆಕೆಯ ಮೊಬೈಲಿಗೆ ಸೂಚನೆಯೂ ಹೋಗುತ್ತದೆ. ಆ ಹೆಸರಿನ ನಡುವೆ ಎರಡು ಅಡಿಗೆರೆಗಳಿವೆ. ಒಂದನ್ನು ಬಿಟ್ಟರೆ ದೂರು ಬೇರೆ ಯಾರದೋ ಖಾತೆಯತ್ತ ಬೆರಳು ತೋರೀತು. ಇಂಗ್ಲಿಷಿನ ಸಣ್ಣ l, ದೊಡ್ಡ I ಕೆಲವು ಅಕ್ಷರ ವಿನ್ಯಾಸಗಳಲ್ಲಿ ಅವಳಿಗಳಂತೆ ಕಾಣುತ್ತವೆ. ಚಿತ್ರವನ್ನು ಎಷ್ಟು ದಿಟ್ಟಿಸಿದರೂ ಅದು ಬಗೆಹರಿಯದು; ಆ ಖಾತೆಯ ಪುಟವನ್ನೇ ತೆರೆದು ಹೆಸರನ್ನು ತಾಳೆ ನೋಡಬೇಕು.

# ಕೂಡ ಬರೀ ಅಲಂಕಾರವಲ್ಲ. 2017ರಲ್ಲಿ ಬೆಂಗಳೂರು ಮೆಟ್ರೋದ ಹಿಂದಿ ಫಲಕಗಳ ವಿರುದ್ಧ #NammaMetroHindiBeda ಎಂದು ಜನ ಬರೆದರು. ಅದನ್ನು ಮುಟ್ಟಿದರೆ ಅದೇ ಕೂಗು ಹಾಕಿದ ಇತರರ ಮಾತೂ ಸಿಗುತ್ತಿತ್ತು. ಓದಲು ಸುಲಭವಾಗಲೆಂದು ಪದಗಳನ್ನು ಬಿಡಿಸಿ ಬರೆದಿರೋ, ಗುರುತು ಮೊದಲ ತೆರಪಿನಲ್ಲೇ ಮುಗಿಯುತ್ತದೆ. ಉಳಿಯುವುದು #Namma ಮಾತ್ರ. ಒಟ್ಟಾಗಿ ಕೂಗಿದವರ ಗುಂಪು ಚದುರಿತು.

ಕೊಂಡಿಯ ಕೊನೆಯ … ನೋಡಿ ಕೆಲವರಿಗೆ ಕೈ ತುರಿಸುತ್ತದೆ. 'varadi' ಇರಬೇಕೆಂದು ತುಂಬಿಬಿಡುತ್ತಾರೆ. ವಿಳಾಸ ಉದ್ದವಾದಾಗ ಪರದೆಯೇ ಅದನ್ನು ಮೊಟಕು ಮಾಡಿ ಆ ಚುಕ್ಕೆಗಳನ್ನು ಇಡುತ್ತದೆ. ಕಂಡಷ್ಟನ್ನೇ, ಚುಕ್ಕೆಗಳ ಸಮೇತ ಬರೆಯಿರಿ. ಪೂರ್ತಿ ವಿಳಾಸ ಮೂಲ ಪೋಸ್ಟಿನಲ್ಲಿ ಸಿಕ್ಕೀತೇ ಹೊರತು ಚಿತ್ರದಲ್ಲಲ್ಲ.

ಇನ್ನು ಸಾಲುಗಳ ಮಾತು. ಮುಂದಿನ ಪದ ಹಿಡಿಸುವಷ್ಟು ಜಾಗ ಬಲಗಡೆ ಇದ್ದೂ ಸಾಲು ಮುರಿದಿದ್ದರೆ, ಅದನ್ನು ಬರೆದವರೇ ಮುರಿದದ್ದು ಎಂದು ತಿಳಿಯಬಹುದು. ಖಾಲಿ ಬಿಟ್ಟ ಸಾಲೂ ಹಾಗೆಯೇ. ಅಂಚಿನವರೆಗೆ ತುಂಬಿ ಮುರಿದಿದ್ದರೆ ಅದು ಪರದೆಯ ಇಕ್ಕಟ್ಟಿನಿಂದ ಆದದ್ದಿರಬಹುದು. ಅನುಮಾನವಿದ್ದರೆ ಕಂಡಂತೆಯೇ ಇಡಿ. ಮಾತು ಎಲ್ಲಿ ನಿಂತಿತು ಎನ್ನುವುದರಲ್ಲೂ ವ್ಯಂಗ್ಯವಿರುತ್ತದೆ, ಬೆದರಿಕೆಯೂ ಇರುತ್ತದೆ.

'ಮೇಡಂ, ಕಾಗುಣಿತದ ತಪ್ಪನ್ನೂ ಹಾಗೇ ಬರೆಯಬೇಕೇ?' ಎಂದು ಕೇಳುತ್ತಾರೆ. ಹಾಗೇ ಬರೆಯಿರಿ. ಕೆಂಪು ಶಾಯಿ ಇರುವುದು ಮಕ್ಕಳ ನೋಟುಪುಸ್ತಕಕ್ಕೆ. ಕೆಟ್ಟ ಮಾತಾಡಿದವನ ಭಾಷೆಯನ್ನು ತಿದ್ದಿ ಸಭ್ಯ ಮಾಡಿಕೊಡುವ ಸಂಬಳವಿಲ್ಲದ ಚಾಕರಿ ನಮಗೇಕೆ?