ಘನ ಅಡಿಯ ಗಡಿಬಿಡಿ

ನಮ್ಮ ಹೆಚ್ಚಿನ ಅಡುಗೆಮನೆಗಳಿಗೆ ಗ್ಯಾಸ್ ಬರುವುದು ಸಿಲಿಂಡರಿನಲ್ಲಿ, 14.2 ಕಿಲೋ ತೂಕದ ಲೆಕ್ಕದಲ್ಲಿ. ಬ್ರಿಟನ್ನಿನಲ್ಲಿ ಅದು ಕೊಳವೆಯಲ್ಲಿ ಬರುತ್ತದೆ. ಮೀಟರು ಅಳೆಯುವುದು ಅನಿಲದ ಗಾತ್ರವನ್ನು, ಬಿಲ್ಲು ಹಣ ಕೇಳುವುದು ಅದು ಕೊಟ್ಟ ಶಾಖಕ್ಕೆ. ಇವೆರಡರ ನಡುವೆ ಒಂದು ಗುಣಾಕಾರವಿದೆ. ಅದು ತಪ್ಪಿದರೆ ಏನಾಗುತ್ತದೆಂಬುದಕ್ಕೆ ಈ ಪ್ರಸಂಗ ನೋಡಿ.

ಹಾಸನದ ಕಡೆಯ ನರ್ಸ್ ಒಬ್ಬಳು ಲೆಸ್ಟರ್ ನಗರದ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದಾಳೆ. 2024ರಲ್ಲಿ ಹತ್ತು ತಿಂಗಳು ಒಂದು ಕೋಣೆಯ ಪುಟ್ಟ ಬಾಡಿಗೆ ಮನೆಯಲ್ಲಿದ್ದು, ಬೀಗದ ಕೈ ಒಪ್ಪಿಸಿ ಬೇರೆ ಮನೆಗೆ ಹೋದಳು. ಅಲ್ಲಿಯವರೆಗೆ ಗ್ಯಾಸ್ ಕಂಪನಿ ಅಂದಾಜಿನ ಮೇಲೆ ತಿಂಗಳಿಗೆ 20 ಪೌಂಡ್ ಪಡೆಯುತ್ತಿತ್ತು. ಮನೆ ಬಿಟ್ಟ ಮೇಲೆ ನಿಜವಾದ ರೀಡಿಂಗ್ ಹಿಡಿದು ಕೊನೆಯ ಬಿಲ್ಲು ಕಳಿಸಿತು: ಇನ್ನೂ 449 ಪೌಂಡ್ ಬಾಕಿ! ಕಟ್ಟದೆ ಬಿಟ್ಟರೆ ವಿಷಯ ಸಾಲ ವಸೂಲಿಯವರ ಕೈಗೆ ಹೋಗಬಹುದು, ಸಾಲದ ದಾಖಲೆಯಲ್ಲಿ ಕಪ್ಪುಚುಕ್ಕೆ ಬೀಳಬಹುದು. ಮುಂದಿನ ಬಾಡಿಗೆ ಮನೆಯ ಏಜೆಂಟರು ಮೊದಲು ನೋಡುವುದು ಆ ದಾಖಲೆಯನ್ನೇ.

ಅವಳು ಬಿಲ್ಲಿನ ರೀಡಿಂಗುಗಳನ್ನು ತಾಳೆ ನೋಡಿದಳು. ಬಂದ ದಿನ 4120, ಹೋದ ದಿನ 4415, ಎರಡೂ ಸರಿಯಾಗಿದ್ದವು. ಹಾಗಾದರೆ ತಪ್ಪೆಲ್ಲಿ? ಅದೇ ವಾರ್ಡಿನಲ್ಲಿದ್ದ ದಾವಣಗೆರೆಯ ಹಿರಿಯ ನರ್ಸ್ ಕೇಳಿದರು: "ಮೀಟರಿನ ಫೋಟೊ ಇದೆಯೇನಮ್ಮಾ? ಅಂಕಿ ಬಿಡು, ಅದರ ಪಕ್ಕದಲ್ಲಿ ಏನು ಬರೆದಿದೆ ನೋಡು."

"m³ ಅಂತಿದೆ ಅಕ್ಕಾ."

"ಈಗ ಬಿಲ್ಲಿನಲ್ಲಿ ಲೆಕ್ಕ ಹಾಕಿರೋ ಜಾಗ ನೋಡು. 2.83 ಅನ್ನೋ ಸಂಖ್ಯೆ ಇದೆಯಾ?"

ಇತ್ತು. ಗುಟ್ಟು ಅಲ್ಲೇ ಇತ್ತು.

ಬ್ರಿಟನ್ನಿನ ಹಳೆಯ ಮೀಟರುಗಳು ನೂರು ಘನ ಅಡಿಗೆ ಒಂದು ಅಂಕಿಯಂತೆ ತಿರುಗುತ್ತವೆ. ಅವುಗಳ ಮೇಲೆ ft³ ಎಂದಿರುತ್ತದೆ. ಹೊಸವು ಘನ ಮೀಟರಿನವು. ನೂರು ಘನ ಅಡಿ ಎಂದರೆ 2.83 ಘನ ಮೀಟರ್. ಆದ್ದರಿಂದ ಹಳೆಯ ಮೀಟರಿನ ರೀಡಿಂಗನ್ನು ಮಾತ್ರ 2.83ರಿಂದ ಗುಣಿಸಬೇಕು. ಮೀಟರು ಬದಲಾಗಿ, ಕಂಪನಿಯ ಕಡತದಲ್ಲಿ ಹಳೆಯದೆಂದೇ ಉಳಿದುಬಿಟ್ಟರೆ ಮೊದಲೇ ಘನ ಮೀಟರಿನಲ್ಲಿರುವ ಅಂಕಿಯನ್ನು ಮತ್ತೆ ಗುಣಿಸಿದಂತಾಗುತ್ತದೆ. ಬಳಕೆ ಹೆಚ್ಚುಕಡಿಮೆ ಮೂರು ಪಟ್ಟಾಗುತ್ತದೆ.

ಅವಳು ಸುಟ್ಟದ್ದು 295 ಘನ ಮೀಟರ್. ಉಷ್ಣತೆ ಮತ್ತು ಒತ್ತಡದ ತಿದ್ದುಪಡಿಗೆ 1.02264ರಿಂದಲೂ, ಒಂದು ಘನ ಮೀಟರ್ ಅನಿಲ ಕೊಡುವ ಶಾಖಕ್ಕೆ ಬಿಲ್ಲಿನಲ್ಲಿದ್ದ 39.3ರಿಂದಲೂ ಗುಣಿಸಿ 3.6ರಿಂದ ಭಾಗಿಸಿದರೆ ಕಿಲೋವ್ಯಾಟ್-ಗಂಟೆ ಸಿಗುತ್ತದೆ:

295 × 1.02264 × 39.3 ÷ 3.6 = 3293

ಕಂಪನಿ ತೋರಿಸಿದ್ದು 9320. ಸರಾಸರಿ 6 ಪೆನ್ಸ್ ದರದಲ್ಲಿ 198 ಪೌಂಡ್ ಆಗಬೇಕಿದ್ದುದು 559 ಆಗಿತ್ತು. ದಿನಕ್ಕೆ 30 ಪೆನ್ಸಿನಂತೆ 300 ದಿನದ ಸ್ಥಿರ ಶುಲ್ಕ 90 ಪೌಂಡ್. ಅದು ಎರಡು ಲೆಕ್ಕದಲ್ಲೂ ಒಂದೇ. ಕಟ್ಟಿದ್ದ 200 ಕಳೆದರೆ ನಿಜವಾದ ಬಾಕಿ 88 ಪೌಂಡ್ ಮಾತ್ರ.

ಅವಳು ಫೋನಿನಲ್ಲಿ ವಾದಿಸಲು ಹೋಗದೆ ಬರವಣಿಗೆಯಲ್ಲೇ ದೂರು ಕೊಟ್ಟಳು. m³ ಎಂಬ ಗುರುತೂ ಮೀಟರಿನ ಕ್ರಮಸಂಖ್ಯೆಯೂ ಕಾಣುವ ಫೋಟೊ, ಮನೆ ಒಪ್ಪಿಸುವಾಗ ಏಜೆಂಟರು ರೀಡಿಂಗ್ ಬರೆದುಕೊಂಡ ವರದಿ, ಮೇಲಿನ ಲೆಕ್ಕ, ಈ ಮೂರನ್ನೂ ಜೊತೆಗಿಟ್ಟಳು. ತಾನು ಒಪ್ಪುವ 88 ಪೌಂಡನ್ನು ಕಟ್ಟಿ, ಉಳಿದ 361ಕ್ಕೆ ತಕರಾರಿದೆ, ತೀರ್ಮಾನವಾಗುವವರೆಗೆ ವಸೂಲಿಗೆ ಕೊಡಬೇಡಿ ಎಂದು ಸ್ಪಷ್ಟವಾಗಿ ಬರೆದಳು. ಒಪ್ಪಿದ ಹಣ ಕಟ್ಟಿದವರನ್ನು ಬಾಕಿದಾರರೆಂದು ದೂರುವುದು ಕಷ್ಟ.

ಆಗಿನ ನಿಯಮದಂತೆ ದೂರು ಇತ್ಯರ್ಥಕ್ಕೆ ಕಂಪನಿಗೆ ಎಂಟು ವಾರಗಳ ಅವಕಾಶವಿತ್ತು. ಅದು ಮೀರಿದರೆ, ಅಥವಾ ಇನ್ನು ತಮ್ಮಿಂದಾಗದೆಂದು ಕಂಪನಿಯೇ ಬರೆದುಕೊಟ್ಟರೆ, ಎನರ್ಜಿ ಓಂಬುಡ್ಸ್‌ಮನ್ ಬಳಿಗೆ ಹೋಗಬಹುದಿತ್ತು. ಅದಕ್ಕೆ ಗ್ರಾಹಕರು ಶುಲ್ಕ ಕೊಡಬೇಕಿಲ್ಲ. ಅಲ್ಲಿಯ ತೀರ್ಪನ್ನು ಗ್ರಾಹಕರು ಒಪ್ಪಿದರೆ ಕಂಪನಿ ಪಾಲಿಸಲೇಬೇಕು. ಇವಳಿಗೆ ಅಷ್ಟು ದೂರ ಹೋಗಬೇಕಾಗಲಿಲ್ಲ. ಐದನೆಯ ವಾರ ಕಂಪನಿ ಕಡತ ತಿದ್ದಿ, ಬಾಕಿ ಸೊನ್ನೆ ಎಂಬ ಹೊಸ ಬಿಲ್ಲು ಕಳಿಸಿತು.

ಈ ತಪ್ಪು ತಿರುಗುಮುರುಗಾಗಿಯೂ ಬರುತ್ತದೆ. ಅಡಿಯ ಮೀಟರನ್ನು ಘನ ಮೀಟರಿನದೆಂದು ಬರೆದುಕೊಂಡರೆ ಬಿಲ್ಲು ಮೂರರಲ್ಲೊಂದಕ್ಕೆ ಇಳಿಯುತ್ತದೆ, ಯಾರೂ ದೂರುವುದಿಲ್ಲ. ಕಂಪನಿಗೆ ತಿಳಿದ ದಿನ ಹಿಂಬಾಕಿ ಬರುತ್ತದೆ. ಗ್ರಾಹಕರ ತಪ್ಪಿಲ್ಲದಿದ್ದರೆ ಹನ್ನೆರಡು ತಿಂಗಳಿಗಿಂತ ಹಿಂದಿನ ಬಳಕೆಗೆ ಹಣ ಕೇಳುವಂತಿಲ್ಲ ಎಂಬ ನಿಯಮ 2018ರಲ್ಲಿ ಬಂದಿದೆ. ಆ ಹನ್ನೆರಡು ತಿಂಗಳದ್ದನ್ನು ಮಾತ್ರ ಕಟ್ಟಲೇಬೇಕು.